ದಾವೂದರ ಮುಂದೆ ಬಂದ ಕುರಿ ವ್ಯಾಜ್ಯ: ಕುರ್‌ಆನ್ ವ್ಯಾಖ್ಯಾನಕಾರರು ಮತ್ತು ಹಳೆಯ ಗ್ರಂಥಗಳ ಕಥೆಗಳು

ಕುರ್‌ಆನ್‌ನಲ್ಲಿ ಸುಮಾರು 25 ಪ್ರವಾದಿಗಳ ಹೆಸರು ಬರುತ್ತದೆ. ಅವರಲ್ಲಿ ಹೆಚ್ಚಿನವರು ಬೈಬಲ್ ಓದಿದವರಿಗೂ ಪರಿಚಿತರು. ಕನ್ನಡ ಬೈಬಲ್‌ನ ನೋಹ ಇಲ್ಲಿ ನೂಹ್, ಅಬ್ರಹಾಮ ಇಬ್ರಾಹೀಮ್, ಯೋಸೇಫ ಯೂಸುಫ್, ಮೋಶೆ ಮೂಸಾ, ದಾವೀದ ದಾವೂದ್, ಯೇಸು ಈಸಾ. ಹೂದ್, ಸಾಲಿಹ್‌ರಂಥ ಅರಬ್ ನಾಡಿನ ಪ್ರವಾದಿಗಳು ಮಾತ್ರ ಬೈಬಲ್‌ನಲ್ಲಿ ಕಾಣುವುದಿಲ್ಲ. ಹೆಸರುಗಳು ಒಂದೇ ಆದರೂ ಕಥೆ ಹೇಳುವ ರೀತಿ ಬೇರೆ. ಬೈಬಲ್ ವಂಶ, ಊರು, ಕಾಲ ಎಲ್ಲವನ್ನೂ ಹೇಳುತ್ತ ಸಾಗುವ ಇತಿಹಾಸದಂತಿದೆ. ಕುರ್‌ಆನ್ ಹಾಗಲ್ಲ. ಯೂಸುಫರ ಕಥೆಯೊಂದನ್ನು 12ನೇ ಅಧ್ಯಾಯದಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಹೇಳುತ್ತದೆ. ಉಳಿದವರ ಕಥೆಗಳು ತುಣುಕು ತುಣುಕಾಗಿ ಹಲವು ಅಧ್ಯಾಯಗಳಲ್ಲಿ ಹರಡಿವೆ. ಮೂಸಾ ಅವರ ಹೆಸರು ನೂರಕ್ಕೂ ಹೆಚ್ಚು ಸಲ ಬಂದರೂ ಅವರ ಇಡೀ ಬದುಕು ಒಂದೆಡೆ ಸಿಗುವುದಿಲ್ಲ. ಕೇಳುವವರಿಗೆ ಕಥೆ ಗೊತ್ತಿದೆ ಎಂದುಕೊಂಡು, ಆ ಹೊತ್ತಿಗೆ ಬೇಕಾದ ಘಟನೆಯನ್ನಷ್ಟೇ ಎತ್ತಿಕೊಂಡು, ಅದರ ತಿರುಳನ್ನು ಹೇಳಿ ಮುಂದಕ್ಕೆ ಹೋಗುವುದು ಕುರ್‌ಆನ್‌ನ ಕ್ರಮ.

ಹೀಗೆ ಬಿಟ್ಟುಹೋದ ಜಾಗಗಳು ವ್ಯಾಖ್ಯಾನಕಾರರ ಮುಂದೆ ದೊಡ್ಡ ಪ್ರಶ್ನೆಯಾಗಿ ನಿಂತವು. ಕುರ್‌ಆನ್ ಹೇಳದೆ ಬಿಟ್ಟದ್ದನ್ನು ಯಹೂದಿಗಳ ಮತ್ತು ಕ್ರೈಸ್ತರ ಗ್ರಂಥಗಳಿಂದ, ಅವರು ಬಾಯಿಮಾತಿನಲ್ಲಿ ಹೇಳುವ ಕಥೆಗಳಿಂದ ತುಂಬಿಕೊಳ್ಳಬಹುದೆ? ತುಂಬಿಕೊಂಡರೆ ಅದನ್ನು ಎಷ್ಟು ನಂಬಬೇಕು? ತಫ್ಸೀರ್ ಎಂದು ಕರೆಯುವ ಕುರ್‌ಆನ್ ವ್ಯಾಖ್ಯಾನ ಪರಂಪರೆಯಲ್ಲಿ ಇಂಥ ಕಥೆಗಳಿಗೆ ‘ಇಸ್ರಾಈಲಿಯ್ಯಾತ್’ ಎಂಬ ಹೆಸರು ನಿಂತಿತು. ಯಹೂದಿ ಮೂಲದ್ದು ಮಾತ್ರವಲ್ಲ, ಕ್ರೈಸ್ತ ಮೂಲದ ಕಥೆಗಳೂ ಇದೇ ಹೆಸರಿನಡಿ ಬರುತ್ತವೆ. ಇವುಗಳ ಬಗ್ಗೆ ವಿದ್ವಾಂಸರು ನಡೆಸಿದ ಸಾವಿರ ವರ್ಷಗಳ ಚರ್ಚೆಯನ್ನು ಅರಿಯಲು ದಾವೂದರ ಒಂದು ಪ್ರಸಂಗ ಸಾಕು. ಈ ಸಮಸ್ಯೆಯ ಎಲ್ಲ ಮುಖಗಳೂ ಅದರಲ್ಲಿವೆ.

ಪ್ರಸಂಗ ಇರುವುದು ‘ಸ್ವಾದ್’ ಎಂಬ 38ನೇ ಅಧ್ಯಾಯದಲ್ಲಿ, 21ರಿಂದ 25ರವರೆಗಿನ ಸೂಕ್ತಗಳಲ್ಲಿ. ದಾವೂದರು ತಮ್ಮ ಪ್ರಾರ್ಥನೆಯ ಕೋಣೆಯಲ್ಲಿದ್ದಾಗ ಇಬ್ಬರು ವ್ಯಾಜ್ಯಗಾರರು ಗೋಡೆ ಹತ್ತಿ ಒಳಗೆ ಬರುತ್ತಾರೆ. ದಾವೂದರು ಬೆದರುತ್ತಾರೆ. ಹೆದರಬೇಡಿ, ನಮ್ಮ ನಡುವೆ ಜಗಳವಿದೆ, ನ್ಯಾಯ ಹೇಳಿ ಎಂದು ಬಂದವರು ಕೇಳಿಕೊಳ್ಳುತ್ತಾರೆ. ಒಬ್ಬನ ದೂರು ಹೀಗಿದೆ: ಇವನು ನನ್ನ ಸಹೋದರ. ಇವನಲ್ಲಿ 99 ಹೆಣ್ಣು ಕುರಿಗಳಿವೆ, ನನ್ನಲ್ಲಿರುವುದು ಒಂದೇ ಒಂದು. ಅದನ್ನೂ ತನಗೆ ಒಪ್ಪಿಸೆಂದು ಕೇಳಿ, ಮಾತಿನಲ್ಲಿ ನನ್ನನ್ನು ಸೋಲಿಸಿಬಿಟ್ಟ. ಅಷ್ಟು ಕುರಿಗಳಿದ್ದೂ ನಿನ್ನ ಒಂದು ಕುರಿಯನ್ನು ಕೇಳಿದ್ದು ಅನ್ಯಾಯ ಎಂದು ದಾವೂದರು ತೀರ್ಪು ಕೊಡುತ್ತಾರೆ. ಆ ಕೂಡಲೇ ಅವರಿಗೆ ಇದು ತಮಗೆ ಒಡ್ಡಿದ ಪರೀಕ್ಷೆ ಎಂದು ಹೊಳೆಯುತ್ತದೆ. ಕ್ಷಮೆ ಬೇಡಿ ನೆಲಕ್ಕೆ ಬಾಗುತ್ತಾರೆ. ದೇವರು ಅದನ್ನು ಕ್ಷಮಿಸಿದ ಎಂದು ಕುರ್‌ಆನ್ ಹೇಳುತ್ತದೆ. ಮರುಸೂಕ್ತದಲ್ಲಿಯೇ ಅವರನ್ನು ಭೂಮಿಯ ಮೇಲಿನ ಪ್ರತಿನಿಧಿ ಎಂದು ಕರೆದು, ಜನರ ನಡುವೆ ನ್ಯಾಯದಿಂದ ತೀರ್ಪು ಕೊಡಬೇಕೆಂದೂ ಮನಸ್ಸಿನ ಬಯಕೆಯ ಹಿಂದೆ ಹೋಗಬಾರದೆಂದೂ ಆದೇಶಿಸುತ್ತದೆ.

ಕ್ಷಮೆ ಬೇಡಿದ್ದು ಯಾವ ತಪ್ಪಿಗೆ? ಕುರ್‌ಆನ್ ಅದನ್ನು ಹೇಳುವುದಿಲ್ಲ. ಬಂದವರು ಮನುಷ್ಯರೋ ದೇವದೂತರೋ ಎಂಬುದನ್ನೂ ಹೇಳುವುದಿಲ್ಲ. ವ್ಯಾಖ್ಯಾನಕಾರರು ಬೇರೆ ಕಡೆ ಹುಡುಕತೊಡಗಿದ್ದು ಇಲ್ಲಿಂದಲೇ.

ಬೈಬಲ್‌ನ ಸಮುವೇಲನ ಎರಡನೆಯ ಗ್ರಂಥದ 11 ಮತ್ತು 12ನೇ ಅಧ್ಯಾಯಗಳಲ್ಲಿ ಇದಕ್ಕೆ ಹತ್ತಿರದ ಕಥೆಯಿದೆ. ಸಂಜೆ ಮಾಳಿಗೆಯ ಮೇಲೆ ತಿರುಗಾಡುತ್ತಿದ್ದ ದಾವೀದನು ಸ್ನಾನ ಮಾಡುತ್ತಿದ್ದ ಬತ್ಷೆಬೆಯನ್ನು ಕಾಣುತ್ತಾನೆ. ಅವಳು ಹಿತ್ತಿಯನಾದ ಊರೀಯನ ಹೆಂಡತಿ. ಊರೀಯ ರಬ್ಬಾ ಪಟ್ಟಣದ ಮುತ್ತಿಗೆಯಲ್ಲಿದ್ದಾನೆ. ದಾವೀದನು ಅವಳನ್ನು ಕರೆಸಿಕೊಳ್ಳುತ್ತಾನೆ, ಅವಳು ಗರ್ಭಿಣಿಯಾಗುತ್ತಾಳೆ. ಕೊನೆಗೆ ಊರೀಯನನ್ನು ಕಾಳಗ ಬಿಸಿಯಾಗಿರುವ ಕಡೆ ಮುಂದೆ ನಿಲ್ಲಿಸಿ ಸಾಯಲು ಬಿಡಬೇಕೆಂದು ಸೇನಾಪತಿ ಯೋವಾಬನಿಗೆ ಓಲೆ ಬರೆದು, ಅದನ್ನು ಊರೀಯನ ಕೈಯಲ್ಲೇ ಕಳಿಸುತ್ತಾನೆ. ಊರೀಯ ಸತ್ತ ಮೇಲೆ ಪ್ರವಾದಿ ನಾತಾನ ಬಂದು ಒಂದು ಕಥೆ ಹೇಳುತ್ತಾನೆ. ಬೇಕಾದಷ್ಟು ಕುರಿದನಗಳಿದ್ದ ಸಿರಿವಂತನೊಬ್ಬ ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡು ಅತಿಥಿಗೆ ಅಡುಗೆ ಮಾಡಿಸಿದ ಕಥೆ ಅದು. ದಾವೀದನು ಸಿಟ್ಟಿಗೆದ್ದು ಅಂಥವನು ಸಾಯಬೇಕು ಎನ್ನುತ್ತಾನೆ. ಆ ಮನುಷ್ಯ ನೀನೇ ಎಂದು ನಾತಾನ ತಿಳಿಸುತ್ತಾನೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಕುರಿಯ ಬಡವ, ಹಲವು ಕುರಿಗಳ ಧನಿಕ, ತೀರ್ಪು ಕೊಟ್ಟ ಮೇಲೆ ಆಗುವ ಅರಿವು, ಈ ಮೂರೂ ಎರಡರಲ್ಲೂ ಇವೆ. ಆದರೆ ಕುರ್‌ಆನ್‌ನಲ್ಲಿ ಬತ್ಷೆಬೆಯಿಲ್ಲ, ಊರೀಯನಿಲ್ಲ, ಓಲೆಯಿಲ್ಲ, ನಾತಾನನಿಲ್ಲ. ಬೈಬಲ್‌ನಲ್ಲಿ ಗೋಡೆ ಹತ್ತಿ ಬಂದವರಿಲ್ಲ, 99 ಎಂಬ ಲೆಕ್ಕವೂ ಇಲ್ಲ.

ಈ ಎರಡರ ನಡುವಿನ ಅಂತರವನ್ನು ತುಂಬಿದ ಕಥೆಗಳನ್ನು ಅರಬ್ಬಿಗೆ ತಂದವರಲ್ಲಿ ಕೆಲವರ ಹೆಸರು ಮತ್ತೆ ಮತ್ತೆ ಬರುತ್ತವೆ. ಮದೀನಾದ ಯಹೂದಿ ವಿದ್ವಾಂಸರಾಗಿದ್ದು ಪ್ರವಾದಿ ಮುಹಮ್ಮದರ ಕಾಲದಲ್ಲೇ ಮುಸ್ಲಿಮರಾದ ಅಬ್ದುಲ್ಲಾ ಇಬ್ನ್ ಸಲಾಮ್ ಒಬ್ಬರು. ಯೆಮೆನ್ ದೇಶದ ಯಹೂದಿಯಾಗಿದ್ದು ಪ್ರವಾದಿಯವರ ನಿಧನಾನಂತರ ಮುಸ್ಲಿಮರಾದ ಕಅಬ್ ಅಲ್ ಅಹ್ಬಾರ್ ಇನ್ನೊಬ್ಬರು. ಯೆಮೆನ್‌ನಲ್ಲಿ ನೆಲೆಸಿದ್ದ ಪರ್ಷಿಯನ್ ಮೂಲದ ಕುಟುಂಬದ ವಹಬ್ ಇಬ್ನ್ ಮುನಬ್ಬಿಹ್ ಮೂರನೆಯವರು. ಅವರು ತೀರಿಕೊಂಡದ್ದು ಸುಮಾರು 730ರಲ್ಲಿ. 14ನೇ ಶತಮಾನದ ಇತಿಹಾಸಕಾರ ಇಬ್ನ್ ಖಲ್ದೂನ್ ಇದಕ್ಕೊಂದು ಸಾಮಾಜಿಕ ಕಾರಣ ಕೊಡುತ್ತಾರೆ. ಅರಬ್ಬರಲ್ಲಿ ಗ್ರಂಥವಿರಲಿಲ್ಲ, ಓದುಬರಹ ಕಡಿಮೆಯಿತ್ತು. ಸೃಷ್ಟಿಯ ಆರಂಭ, ಲೋಕದ ರಹಸ್ಯ ತಿಳಿಯಬೇಕೆನಿಸಿದಾಗ ಅವರು ತಮ್ಮ ನಡುವಿನ ಯಹೂದಿಗಳನ್ನೂ ಕ್ರೈಸ್ತರನ್ನೂ ಕೇಳುತ್ತಿದ್ದರು. ಆದರೆ ಆ ಯಹೂದಿಗಳೂ ಅವರಂತೆಯೇ ಮರುಭೂಮಿಯ ಜನ. ಅವರಿಗೆ ಗೊತ್ತಿದ್ದದ್ದು ಸಾಮಾನ್ಯ ಜನರ ಬಾಯಲ್ಲಿ ಓಡಾಡುತ್ತಿದ್ದ ಕಥೆಗಳಷ್ಟೇ. ಅವರು ಮುಸ್ಲಿಮರಾದ ಮೇಲೂ, ಧರ್ಮದ ವಿಧಿನಿಷೇಧಗಳಿಗೆ ಸಂಬಂಧಿಸದ ಇಂಥ ಕಥೆಗಳು ಅವರಲ್ಲಿ ಹಾಗೆಯೇ ಉಳಿದವು; ಅವುಗಳ ಸತ್ಯಾಸತ್ಯ ಯಾರೂ ಅಷ್ಟಾಗಿ ಪರೀಕ್ಷಿಸಲಿಲ್ಲ. ಇಬ್ನ್ ಖಲ್ದೂನರ ಈ ವಿವರಣೆ ಪೂರ್ತಿ ನ್ಯಾಯವಾದದ್ದೇನಲ್ಲ. ದಾವೂದರ ಕಥೆಯನ್ನು ನೋಡಿದರೆ, ಅರಬ್ಬಿಗೆ ಬಂದ ಕೆಲವು ವಿವರಗಳ ಹಿಂದೆ ಯಹೂದಿ ಪಂಡಿತರ ಪಾಠಶಾಲೆಗಳ ಸಾಹಿತ್ಯವೇ ಇರುವುದು ತಿಳಿಯುತ್ತದೆ.

ಆ ಕಥೆ ಅತ್ಯಂತ ವಿವರವಾಗಿ ಸಿಗುವುದು ಅತ್ತಬರಿಯವರ ಬೃಹತ್ ವ್ಯಾಖ್ಯಾನದಲ್ಲಿ. 839ರಲ್ಲಿ ಇಂದಿನ ಇರಾನ್‌ನ ಉತ್ತರದ ತಬರಿಸ್ತಾನದಲ್ಲಿ ಹುಟ್ಟಿ, ಬಗ್ದಾದಿನಲ್ಲಿ ನೆಲೆಸಿ, 923ರಲ್ಲಿ ತೀರಿಕೊಂಡ ವಿದ್ವಾಂಸ ಅವರು. ಪ್ರತಿ ಸೂಕ್ತದ ಬಗ್ಗೆ ಹಿಂದಿನವರು ಹೇಳಿದ್ದನ್ನೆಲ್ಲ, ಯಾರು ಯಾರಿಂದ ಕೇಳಿದರು ಎಂಬ ಸರಪಳಿಯೊಂದಿಗೆ ಸಂಗ್ರಹಿಸಿ, ಕೊನೆಯಲ್ಲಿ ತಮ್ಮ ತೀರ್ಮಾನ ಹೇಳುವುದು ಅವರ ವಿಧಾನ. ದಾವೂದರ ಪ್ರಸಂಗಕ್ಕೆ ಅವರು ಕೂಫಾ ನಗರದ ಅಸ್ಸುದ್ದೀ ಎಂಬ ಹಿರಿಯರಿಂದ ಬಂದ ಕಥೆಯೊಂದನ್ನು ಕೊಡುತ್ತಾರೆ. ಇಬ್ರಾಹೀಮ್, ಇಸ್ಹಾಕ್, ಯಾಕೂಬರ ಹಿರಿಮೆಯನ್ನು ಗ್ರಂಥಗಳಲ್ಲಿ ಓದಿದ ದಾವೂದರು ತಮಗೂ ಅಂಥ ಹಿರಿಮೆ ಸಿಗಲಿ ಎಂದು ದೇವರಲ್ಲಿ ಕೇಳಿಕೊಳ್ಳುತ್ತಾರೆ. ಅವರನ್ನೆಲ್ಲ ನಾನು ಪರೀಕ್ಷಿಸಿದ್ದೆ ಎಂದು ದೇವರ ಉತ್ತರ ಬರುತ್ತದೆ. ಹಾಗಾದರೆ ನನ್ನನ್ನೂ ಪರೀಕ್ಷಿಸು ಎನ್ನುತ್ತಾರೆ ದಾವೂದರು. ಆಮೇಲೊಂದು ದಿನ ಪ್ರಾರ್ಥನೆಯಲ್ಲಿ ನಿಂತಿದ್ದಾಗ ಸೈತಾನ ಚಿನ್ನದ ಪಾರಿವಾಳದ ರೂಪದಲ್ಲಿ ಬಂದು ಅವರ ಕಾಲ ಬಳಿ ಕೂರುತ್ತಾನೆ. ಹಿಡಿಯಲು ಹೋದರೆ ಹಾರಿ ದೂರ ಸರಿಯುತ್ತದೆ. ಕೊನೆಗೆ ಕಿಟಕಿಯಿಂದ ಹೊರಗೆ ಹಾರಿದಾಗ ಅದು ಎಲ್ಲಿಗೆ ಹೋಯಿತೆಂದು ನೋಡಲು ಹೋಗಿ, ಮಾಳಿಗೆಯ ಮೇಲೆ ಸ್ನಾನ ಮಾಡುತ್ತಿದ್ದ ಹೆಣ್ಣೊಬ್ಬಳನ್ನು ಕಾಣುತ್ತಾರೆ. ಅವಳು ತನ್ನ ಕೂದಲಿನಿಂದಲೇ ಮೈ ಮುಚ್ಚಿಕೊಳ್ಳುತ್ತಾಳೆ. ಅವಳ ಗಂಡನನ್ನು ಒಂದಾದ ಮೇಲೊಂದು ಬಲಿಷ್ಠ ಶತ್ರುಗಳ ಮೇಲೆ ಕಳಿಸುವಂತೆ ಆಜ್ಞೆ ಹೋಗುತ್ತದೆ. ಎರಡು ಸಲ ಗೆದ್ದವನು ಮೂರನೇ ಸಲ ಸಾಯುತ್ತಾನೆ. ದಾವೂದರು ಅವಳನ್ನು ಮದುವೆಯಾಗುತ್ತಾರೆ. ಆಗ ಇಬ್ಬರು ದೇವದೂತರು ವ್ಯಾಜ್ಯಗಾರರ ವೇಷದಲ್ಲಿ ಬರುತ್ತಾರೆ. ನಿನಗೆ 99 ಹೆಂಡಿರಿದ್ದರು, ಅವನಿಗೆ ಒಬ್ಬಳೇ ಇದ್ದಳು ಎಂದು ಕುರಿಗಳ ಲೆಕ್ಕ ಬಿಡಿಸಿ ಹೇಳುತ್ತಾರೆ. ದಾವೂದರು 40 ದಿನ ತಲೆಯೆತ್ತದೆ ಅತ್ತು, ಅವರ ಕಣ್ಣೀರಿಗೆ ಹುಲ್ಲು ಮೊಳೆಯುತ್ತದೆ.

ಈ ಕಥೆಯ ಮೂಲವನ್ನು ಹುಡುಕುತ್ತ ಹೋದರೆ ಬೈಬಲ್ ಒಂದೇ ಸಾಲುವುದಿಲ್ಲ. ಹಕ್ಕಿಯಾಗಲಿ, ಪರೀಕ್ಷೆಗಾಗಿ ದಾವೀದನೇ ಬೇಡಿಕೊಂಡದ್ದಾಗಲಿ ಸಮುವೇಲನ ಗ್ರಂಥದಲ್ಲಿಲ್ಲ. ಅವೆರಡೂ ಇರುವುದು ಬಾಬಿಲೋನಿನ ಯಹೂದಿ ಪಂಡಿತರು ಸಂಕಲಿಸಿದ ತಾಲ್ಮುದ್‌ನ ಸನ್ಹೆದ್ರಿನ್ ಎಂಬ ಭಾಗದಲ್ಲಿ. ಅಲ್ಲಿಯೂ ದಾವೀದನು ಅಬ್ರಹಾಮ, ಇಸಾಕ, ಯಾಕೋಬರ ಹೆಸರಿನೊಂದಿಗೆ ದೇವರನ್ನು ಕರೆಯುವಂತೆ ತನ್ನ ಹೆಸರಿನೊಂದಿಗೆ ಏಕೆ ಕರೆಯುವುದಿಲ್ಲ ಎಂದು ಕೇಳುತ್ತಾನೆ, ತನ್ನನ್ನೂ ಪರೀಕ್ಷಿಸಲು ಬೇಡುತ್ತಾನೆ. ಸೈತಾನ ಹಕ್ಕಿಯಾಗಿ ಬರುತ್ತಾನೆ. ದಾವೀದನು ಬಿಟ್ಟ ಬಾಣ ತಗಲಿ ಬತ್ಷೆಬೆಯ ಮರೆ ಒಡೆದು ಅವಳು ಕಾಣುತ್ತಾಳೆ. ಕೂಫಾದಲ್ಲಿ ಹೇಳುತ್ತಿದ್ದ ಕಥೆ ಇದರ ಹತ್ತಿರದ ನೆಂಟ. ಆದರೆ ಅದು ನಕಲಲ್ಲ. ಬಾಣ ಬಿಟ್ಟುಹೋಗಿದೆ, ಪಾರಿವಾಳ ಚಿನ್ನದ್ದಾಗಿದೆ, 99 ಎಂಬ ಕುರ್‌ಆನ್‌ನ ಸಂಖ್ಯೆಗೆ ಅರ್ಥ ಹೇಳುವ 99 ಹೆಂಡಿರು ಹೊಸದಾಗಿ ಸೇರಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಗಂಡ ಬದುಕಿರುವಾಗಲೇ ನಡೆದ ವ್ಯಭಿಚಾರ ಇಲ್ಲಿ ಮಾಯವಾಗಿ, ಅವನು ಸತ್ತ ಮೇಲಿನ ಮದುವೆ ಮಾತ್ರ ಉಳಿದಿದೆ. ಅಂದರೆ ಕಥೆಯನ್ನು ಆಮದು ಮಾಡಿಕೊಂಡವರೇ ಅದನ್ನು ಜರಡಿ ಹಿಡಿದಿದ್ದರು. ಪ್ರವಾದಿಯ ಮೇಲೆ ಹೊರಿಸಬಾರದು ಎನಿಸಿದ್ದನ್ನು ಬಿಟ್ಟಿದ್ದರು, ಕುರ್‌ಆನ್‌ಗೆ ಹೊಂದುವುದನ್ನು ಸೇರಿಸಿದ್ದರು. ಎಚ್ಚರಿಕೆ ಎಂಬುದು ಸಿದ್ಧಾಂತವಾಗಿ ಬರುವ ಮೊದಲೇ ಕಥೆಗಾರರಲ್ಲಿ ಅಷ್ಟಿಷ್ಟು ಕೆಲಸ ಮಾಡುತ್ತಿತ್ತು.

ಅತ್ತಬರಿಯವರೂ ಕಣ್ಣು ಮುಚ್ಚಿ ಎಲ್ಲವನ್ನೂ ಒಪ್ಪುವವರಾಗಿರಲಿಲ್ಲ. ಆದಮರು ತಿನ್ನಬಾರದೆಂದಿದ್ದ ಮರ ಗೋಧಿಯೋ ದ್ರಾಕ್ಷಿಯೋ ಅಂಜೂರವೋ ಎಂಬ ಬಗ್ಗೆ ಬಂದ ಅಭಿಪ್ರಾಯಗಳನ್ನೆಲ್ಲ ಕೊಟ್ಟು, ಇದಕ್ಕೆ ಕುರ್‌ಆನ್‌ನಲ್ಲಾಗಲಿ ಖಚಿತ ವರದಿಯಲ್ಲಾಗಲಿ ಆಧಾರವಿಲ್ಲ, ತಿಳಿದರೆ ಲಾಭವಿಲ್ಲ, ತಿಳಿಯದಿದ್ದರೆ ನಷ್ಟವಿಲ್ಲ ಎನ್ನುತ್ತಾರೆ. ಈಸಾ ಅವರ ಶಿಷ್ಯರಿಗಾಗಿ ಆಕಾಶದಿಂದ ಇಳಿದ ಊಟದಲ್ಲಿ ಏನಿತ್ತು ಎಂಬ ಪ್ರಶ್ನೆಗೂ ಅವರದು ಇದೇ ನಿಲುವು. ಆದರೆ ದಾವೂದರ ಪ್ರಸಂಗದಲ್ಲಿ ಅವರು ಕುರಿಗಳೆಂದರೆ ಹೆಂಡತಿಯರು ಎಂಬ ಓದನ್ನೇ ಒಪ್ಪಿಕೊಂಡರು. ಅಲ್ಲಿ ಪ್ರಶ್ನೆ ಮರದ ಜಾತಿಯಂಥ ಸಣ್ಣದಲ್ಲ, ಒಬ್ಬ ಪ್ರವಾದಿಯ ನಡತೆಯದ್ದು. ಮುಂದಿನ ತಲೆಮಾರುಗಳಿಗೆ ಸಹಿಸಲಾಗದೆ ಹೋದದ್ದು ಅದೇ.

ಪ್ರವಾದಿಗಳು ದೊಡ್ಡ ಪಾಪಗಳಿಂದ ದೇವರ ರಕ್ಷಣೆ ಪಡೆದವರು ಎಂಬ ನಂಬಿಕೆ ಮುಸ್ಲಿಂ ದೇವತಾಶಾಸ್ತ್ರದಲ್ಲಿ ಗಟ್ಟಿಯಾದಂತೆ ಈ ಕಥೆಯ ವಿರುದ್ಧ ದನಿ ಜೋರಾಯಿತು. ಕಥೆಗಾರರು ಹೇಳುವಂತೆ ಯಾರಾದರೂ ದಾವೂದರ ಕಥೆ ಹೇಳಿದರೆ ಅವನಿಗೆ 160 ಛಡಿಯೇಟು ಕೊಡುತ್ತೇನೆ ಎಂದು ನಾಲ್ಕನೇ ಖಲೀಫ ಅಲಿ ಹೇಳಿದ್ದರೆಂಬ ಮಾತನ್ನು ವ್ಯಾಖ್ಯಾನಗಳು ಉಲ್ಲೇಖಿಸುತ್ತವೆ. ಸಾಮಾನ್ಯರ ಮೇಲೆ ವ್ಯಭಿಚಾರದ ಸುಳ್ಳು ಆರೋಪ ಹೊರಿಸಿದರೆ ಶಿಕ್ಷೆ 80 ಏಟು. ಪ್ರವಾದಿಯ ವಿಷಯದಲ್ಲಿ ಅದರ ಎರಡರಷ್ಟು. ಸ್ಪೇನಿನ ಇಬ್ನ್ ಹಝ್ಮ್ ಬಂದವರು ನಿಜವಾದ ಮನುಷ್ಯರೇ, ಜಗಳ ನಿಜವಾದ ಕುರಿಗಳದ್ದೇ ಎಂದು ಖಡಾಖಂಡಿತವಾಗಿ ಹೇಳಿದರು.

ಆದರೆ ಕಥೆಯನ್ನು ತರ್ಕದ ಒರೆಗೆ ಹಚ್ಚಿದವರು 1210ರಲ್ಲಿ ತೀರಿಕೊಂಡ ಫಖ್ರುದ್ದೀನ್ ಅರ್‌ರಾಝಿ. ಅವರ ವಾದ ಸಂದರ್ಭದ ಮೇಲೆ ನಿಂತಿದೆ. ಈ ಪ್ರಸಂಗಕ್ಕೆ ಮೊದಲು ಕುರ್‌ಆನ್ ದಾವೂದರನ್ನು ಶಕ್ತಿಶಾಲಿ, ದೇವರೆಡೆಗೆ ಸದಾ ಮರಳುವವರು, ವಿವೇಕ ಮತ್ತು ನಿರ್ಣಾಯಕ ಮಾತಿನ ವರ ಪಡೆದವರು ಎಂದು ಹೊಗಳುತ್ತದೆ. ಅವರ ತಾಳ್ಮೆಯನ್ನು ನೆನೆದುಕೊಳ್ಳುವಂತೆ ಪ್ರವಾದಿ ಮುಹಮ್ಮದರಿಗೆ ಹೇಳುತ್ತದೆ. ಪ್ರಸಂಗ ಮುಗಿದೊಡನೆ ಅವರಿಗೆ ಭೂಮಿಯ ಪ್ರಾತಿನಿಧ್ಯ ಸಿಗುತ್ತದೆ. ಹಿಂದೆ ಮುಂದೆ ಇಷ್ಟೆಲ್ಲ ಹೊಗಳಿಕೆಯಿಟ್ಟು ನಡುವೆ ಕೊಲೆ ಮತ್ತು ಪರಸ್ತ್ರೀಮೋಹದ ಕಥೆ ಇಡುವುದು ಹೇಗೆ ಸಾಧ್ಯ? ಅತ್ಯಂತ ಕೀಳು ಮನುಷ್ಯನ ಮೇಲೆ ಈ ಆರೋಪ ಹೊರಿಸಿದರೂ ಅವನು ಅದನ್ನು ತಳ್ಳಿಹಾಕಲು ಹೆಣಗುತ್ತಾನೆ, ಪ್ರವಾದಿಯ ಮೇಲೆ ಹೊರಿಸುವುದು ಹೇಗೆ ಎಂದು ಅವರು ಕೇಳುತ್ತಾರೆ. ಹಾಗಾದರೆ ದಾವೂದರು ಕ್ಷಮೆ ಕೇಳಿದ್ದೇಕೆ? ಅರ್‌ರಾಝಿ ಬೇರೆ ಓದುಗಳನ್ನು ಮುಂದಿಡುತ್ತಾರೆ. ಗೋಡೆ ಹತ್ತಿದವರು ನಿಜವಾಗಿ ಕೊಲ್ಲಲು ಬಂದ ಶತ್ರುಗಳಿರಬಹುದು. ಸಿಕ್ಕಿಬಿದ್ದಾಗ ಕುರಿ ಜಗಳದ ನೆಪ ಹೂಡಿರಬಹುದು. ಅವರ ಮೇಲೆ ಸೇಡು ತೀರಿಸಿಕೊಳ್ಳುವ ಯೋಚನೆ ಬಂದದ್ದಕ್ಕೆ ದಾವೂದರು ಕ್ಷಮೆ ಬೇಡಿರಬಹುದು. ಅಥವಾ ಎದುರಾಳಿಯ ಮಾತು ಕೇಳದೆ ಒಬ್ಬನ ದೂರಿನ ಮೇಲೆಯೇ ತೀರ್ಪು ಕೊಟ್ಟದ್ದು ತಪ್ಪಾಗಿರಬಹುದು. ಈ ಕೊನೆಯ ಓದಿಗೆ ಸೂಕ್ತದ ಬಲವಿದೆ. ಎರಡನೆಯವನು ಒಂದು ಮಾತೂ ಆಡುವುದಿಲ್ಲ, ದಾವೂದರು ಅವನನ್ನು ಏನೂ ಕೇಳುವುದಿಲ್ಲ. ಅದರ ಬೆನ್ನಿಗೇ ಬರುವ ಆದೇಶ ನ್ಯಾಯದ ತೀರ್ಪಿನದ್ದು. ಹೊರಗಿನ ಕಥೆಯ ನೆರವಿಲ್ಲದೆ ಪಠ್ಯವೇ ಒಂದು ಉತ್ತರ ಕೊಡಬಲ್ಲದು ಎಂಬುದನ್ನು ಅರ್‌ರಾಝಿ ತೋರಿಸಿಕೊಟ್ಟರು.

ಇಷ್ಟಾದರೂ ಎಲ್ಲ ಕಥೆಗಳಿಗೂ ಹೊಂದುವ ನಿಯಮ ಬೇಕಿತ್ತು. ಅದರ ಬೀಜಗಳು ಮೊದಲಿನಿಂದಲೂ ಇದ್ದವು, ಆದರೆ ಒಂದಕ್ಕೊಂದು ಎದುರಾಗಿ ಕಾಣುತ್ತಿದ್ದವು. ಇಸ್ರಾಯೇಲರ ಸಂತತಿಯಿಂದ ಕೇಳಿದ್ದನ್ನು ಹೇಳಬಹುದು, ಅದರಲ್ಲಿ ದೋಷವಿಲ್ಲ ಎಂದು ಪ್ರವಾದಿಯವರು ಹೇಳಿದ್ದಾಗಿ ಬುಖಾರಿ ಸಂಗ್ರಹದ ಹದೀಸ್ ಒಂದಿದೆ. ಅದೇ ಸಂಗ್ರಹದ ಇನ್ನೊಂದು ಹದೀಸಿನಲ್ಲಿ, ಯಹೂದಿಗಳು ತೌರಾತನ್ನು ಹೀಬ್ರೂ ಭಾಷೆಯಲ್ಲಿ ಓದಿ ಮುಸ್ಲಿಮರಿಗೆ ಅರಬ್ಬಿಯಲ್ಲಿ ವಿವರಿಸುತ್ತಿದ್ದಾಗ, ಅವರನ್ನು ನಂಬಲೂ ಬೇಡಿ, ಸುಳ್ಳೆನ್ನಲೂ ಬೇಡಿ ಎಂದು ಪ್ರವಾದಿಯವರು ಹೇಳಿದ್ದಾಗಿ ಅಬೂ ಹುರೈರಾ ತಿಳಿಸುತ್ತಾರೆ. ಮೂರನೆಯದರಲ್ಲಿ, ಕಲಬೆರಕೆಯಾಗದ ಹೊಸ ಗ್ರಂಥ ನಿಮ್ಮಲ್ಲೇ ಇರುವಾಗ ಅವರನ್ನೇಕೆ ಕೇಳುತ್ತೀರಿ ಎಂದು ಇಬ್ನ್ ಅಬ್ಬಾಸ್ ಜನರನ್ನು ಆಕ್ಷೇಪಿಸುತ್ತಾರೆ. ಇದು ಬಹಳ ಗಮನಿಸಬೇಕಾದ ಮಾತು. ಏಕೆಂದರೆ ವ್ಯಾಖ್ಯಾನಗಳಲ್ಲಿ ಲೆಕ್ಕವಿಲ್ಲದಷ್ಟು ಇಸ್ರಾಈಲಿ ಕಥೆಗಳು ಇದೇ ಇಬ್ನ್ ಅಬ್ಬಾಸರ ಹೆಸರಿನಲ್ಲಿವೆ. ಅವುಗಳಲ್ಲಿ ಎಷ್ಟೋ ಅವರದ್ದಲ್ಲ, ಹಿರಿಯರ ಹೆಸರು ಬಲಕೊಡುತ್ತದೆಂದು ಆಮೇಲೆ ಅಂಟಿಸಿದ್ದು ಎಂದು ಅನುಮಾನಿಸಲು ಇದು ಒಳ್ಳೆಯ ಕಾರಣ.

ಈ ಬಿಡಿ ಮಾತುಗಳನ್ನು ನಿಯಮವಾಗಿ ಜೋಡಿಸಿದವರು ದಮಾಸ್ಕಸ್‌ನ ಇಬ್ನ್ ತೈಮಿಯ್ಯ. ಅವರು ತೀರಿಕೊಂಡದ್ದು 1328ರಲ್ಲಿ. ಅವರ ಪ್ರಕಾರ ಈ ಕಥೆಗಳು ಮೂರು ಬಗೆ. ಮುಸ್ಲಿಮರ ಬಳಿಯಿರುವ ಆಧಾರ ಯಾವುದನ್ನು ಸತ್ಯವೆಂದು ದೃಢಪಡಿಸುತ್ತದೋ ಅದು ಸತ್ಯ. ಯಾವುದನ್ನು ಅಲ್ಲಗಳೆಯುತ್ತದೋ ಅದು ಸುಳ್ಳು. ಯಾವುದರ ಬಗ್ಗೆ ಸುಮ್ಮನಿದೆಯೋ ಅದನ್ನು ನಂಬುವುದೂ ಇಲ್ಲ, ಸುಳ್ಳೆನ್ನುವುದೂ ಇಲ್ಲ, ಹೇಳಬಹುದು ಅಷ್ಟೇ. ಮೂರನೇ ಬಗೆಯ ಹೆಚ್ಚಿನವು ಧರ್ಮದ ದೃಷ್ಟಿಯಿಂದ ಯಾವ ಪ್ರಯೋಜನವೂ ಇಲ್ಲದ ವಿವರಗಳು. ಮೂಸಾ ಅವರ ಕೋಲು ಯಾವ ಮರದ್ದು, ದೇವರು ಇಬ್ರಾಹೀಮರಿಗಾಗಿ ಮತ್ತೆ ಜೀವ ಕೊಟ್ಟ ಹಕ್ಕಿಗಳು ಯಾವುವು, ಗುಹೆಯಲ್ಲಿ ಮಲಗಿದ್ದವರ ಹೆಸರೇನು, ಅವರ ನಾಯಿಯ ಬಣ್ಣ ಯಾವುದು ಎಂಬಂಥವು.

ಈ ನಿಯಮಕ್ಕೆ ಇಬ್ನ್ ತೈಮಿಯ್ಯ ಮಾದರಿಯಾಗಿ ತೋರಿಸುವುದು ಕುರ್‌ಆನ್‌ನ ಒಂದು ಸೂಕ್ತವನ್ನೇ. ಅವರ ಓದು ಎಷ್ಟು ಸೂಕ್ಷ್ಮವೆಂಬುದಕ್ಕೆ ಇದೇ ಸಾಕ್ಷಿ. ಗುಹೆಯ ತರುಣರ ಕಥೆ ಕ್ರೈಸ್ತ ಜಗತ್ತಿನಲ್ಲಿ ಎಫೆಸ ಪಟ್ಟಣದ ಏಳು ನಿದ್ರಿತರ ಕಥೆಯೆಂದು ಹೆಸರಾಗಿತ್ತು. 18ನೇ ಅಧ್ಯಾಯದ 22ನೇ ಸೂಕ್ತ ಅವರ ಸಂಖ್ಯೆಯ ಬಗ್ಗೆ ಮೂರು ಅಭಿಪ್ರಾಯ ಹೇಳುತ್ತದೆ: ಮೂವರು, ನಾಲ್ಕನೆಯದು ನಾಯಿ, ಐವರು, ಆರನೆಯದು ನಾಯಿ, ಏಳು ಮಂದಿ, ಎಂಟನೆಯದು ನಾಯಿ. ಮೊದಲ ಎರಡನ್ನು ಹೇಳಿದ ಕೂಡಲೇ ಅವು ಕತ್ತಲಲ್ಲಿ ಕಲ್ಲೆಸೆದಂಥ ಊಹೆ ಎನ್ನುತ್ತದೆ. ಮೂರನೆಯದಕ್ಕೆ ಆ ಮಾತು ಹೇಳುವುದಿಲ್ಲ. ಆದ್ದರಿಂದ ಮೂರನೆಯದೇ ಸರಿಯಿರಬೇಕು, ತಪ್ಪಾಗಿದ್ದರೆ ಅದನ್ನೂ ತಳ್ಳಿಹಾಕುತ್ತಿತ್ತು ಎಂದು ಇಬ್ನ್ ತೈಮಿಯ್ಯ ಓದುತ್ತಾರೆ. ಆಮೇಲೆ ಸೂಕ್ತ ಅವರ ಸಂಖ್ಯೆ ದೇವರಿಗೇ ಚೆನ್ನಾಗಿ ಗೊತ್ತು ಎಂದು ಹೇಳಿ, ಮೇಲುಮೇಲಿನ ಮಾತಿಗಿಂತ ಹೆಚ್ಚು ವಾದ ಬೇಡ, ಅವರ ಬಗ್ಗೆ ಯಾರನ್ನೂ ಕೇಳಬೇಡ ಎನ್ನುತ್ತದೆ. ಭಿನ್ನಾಭಿಪ್ರಾಯ ಎದುರಾದಾಗ ಎಲ್ಲ ಅಭಿಪ್ರಾಯಗಳನ್ನೂ ಹೇಳಬೇಕು, ತಪ್ಪನ್ನು ತಪ್ಪೆಂದು ತೋರಿಸಬೇಕು, ಸರಿಯಾದದ್ದನ್ನು ಸೂಚಿಸಬೇಕು, ಲಾಭವಿಲ್ಲದ ವಾದವನ್ನು ಅಲ್ಲಿಗೆ ನಿಲ್ಲಿಸಬೇಕು. ಈ ನಾಲ್ಕೂ ಒಂದೇ ಸೂಕ್ತದಲ್ಲಿವೆ ಎಂಬುದು ಅವರ ವಿವರಣೆ.

ಈ ನಿಯಮವನ್ನು ಇಡೀ ಕುರ್‌ಆನ್‌ಗೆ ಅನ್ವಯಿಸಿದವರು ಅವರ ಶಿಷ್ಯ ಇಬ್ನ್ ಕಸೀರ್. 1373ರಲ್ಲಿ ತೀರಿಕೊಂಡ ಅವರು ಹದೀಸ್ ಪಂಡಿತರು. ಹಾಗಾಗಿ ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಈ ಕಥೆಯ ಸರಪಳಿ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಅದು ಪ್ರವಾದಿಯವರವರೆಗೆ ಮುಟ್ಟದೆ ಕಅಬ್ ಅಥವಾ ವಹಬ್ ಬಳಿ ನಿಂತರೆ, ಕುರ್‌ಆನ್ ಸುಮ್ಮನಿರುವ ಕಡೆ ಹೆಸರು, ಎತ್ತರ, ವರ್ಷಗಳ ಲೆಕ್ಕ ಕರಾರುವಾಕ್ಕಾಗಿ ಬಂದರೆ, ಅವರು ಇದು ಗ್ರಂಥದವರಿಂದ ಬಂದದ್ದಿರಬೇಕು ಎಂದು ಗುರುತು ಹಾಕುತ್ತಾರೆ. ದಾವೂದರ ಪ್ರಸಂಗಕ್ಕೆ ಬಂದಾಗ ಅವರು ಬರೆಯುವುದು ಕೆಲವೇ ಸಾಲು. ವ್ಯಾಖ್ಯಾನಕಾರರು ಇಲ್ಲಿ ಒಂದು ಕಥೆ ಹೇಳಿದ್ದಾರೆ, ಅದರ ಬಹುಭಾಗ ಇಸ್ರಾಈಲಿ ಮೂಲದ್ದು, ಪ್ರವಾದಿಯವರಿಂದ ಅನುಸರಿಸಲೇಬೇಕಾದ ಯಾವ ಹದೀಸೂ ಈ ಬಗ್ಗೆ ಸ್ಥಾಪಿತವಾಗಿಲ್ಲ ಎನ್ನುತ್ತಾರೆ. ಪ್ರವಾದಿಯವರವರೆಗೆ ಹೋಗುವ ಒಂದು ವರದಿ ಇರುವುದನ್ನು ಅವರು ಮುಚ್ಚಿಡುವುದಿಲ್ಲ. ಆದರೆ ಅದು ಯಝೀದ್ ಅರ್‌ರಕಾಶಿ ಎಂಬವರ ಮೂಲಕ ಬಂದಿದೆ. ಅವರು ಸಜ್ಜನರೇ ಆದರೂ ಹದೀಸ್ ಪಂಡಿತರ ಲೆಕ್ಕದಲ್ಲಿ ದುರ್ಬಲ ವರದಿಗಾರರು. ಆದ್ದರಿಂದ ಸೂಕ್ತಗಳನ್ನು ಓದಿ ಅಷ್ಟಕ್ಕೇ ನಿಲ್ಲಿಸಿ, ಉಳಿದದ್ದನ್ನು ದೇವರ ಅರಿವಿಗೆ ಬಿಡುವುದು ಮೇಲು ಎಂದು ಮುಗಿಸುತ್ತಾರೆ. ಅರ್‌ರಾಝಿಯವರಂತೆ ಬದಲಿ ಕಥೆ ಕಟ್ಟಲು ಅವರು ಹೋಗುವುದಿಲ್ಲ. ಗೊತ್ತಿಲ್ಲದ್ದನ್ನು ಇನ್ನೊಂದು ಊಹೆಯಿಂದ ತುಂಬದೆ ಖಾಲಿಯಾಗಿಯೇ ಬಿಡುವ ಈ ಸಂಯಮವೇ ಇಬ್ನ್ ಕಸೀರರ ದೊಡ್ಡ ಕೊಡುಗೆ.

ಎಚ್ಚರಿಕೆ ಎಂದರೆ ಬೈಬಲನ್ನು ಮುಟ್ಟದಿರುವುದು ಎಂದಲ್ಲ. ಇಬ್ರಾಹೀಮರು ಬಲಿಗೆ ಸಿದ್ಧಪಡಿಸಿದ ಮಗ ಯಾರು ಎಂಬ ಚರ್ಚೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. 37ನೇ ಅಧ್ಯಾಯ ಆ ಮಗನ ಹೆಸರು ಹೇಳುವುದಿಲ್ಲ. ಬೈಬಲ್‌ನ ಆದಿಕಾಂಡದ 22ನೇ ಅಧ್ಯಾಯದಲ್ಲಿ ಅದು ಇಸಾಕ. ಅತ್ತಬರಿಯವರೂ ಇಸ್ಹಾಕ್ ಎಂದೇ ತೀರ್ಮಾನಿಸಿದರು. ಇಬ್ನ್ ಕಸೀರ್ ಇಸ್ಮಾಈಲ್ ಎಂದರು, ಇಸ್ಹಾಕ್ ಎಂಬ ಅಭಿಪ್ರಾಯ ಕಅಬ್‌ರಂಥವರಿಂದ ಹಬ್ಬಿತು ಎಂದರು. ಆದರೆ ವಾದಕ್ಕೆ ಅವರು ಬಳಸಿದ್ದು ಬೈಬಲನ್ನೇ. ಅಲ್ಲಿ ದೇವರು ಕೇಳುವುದು ಒಬ್ಬನೇ ಮಗನನ್ನು. ಅದೇ ಗ್ರಂಥದ ಪ್ರಕಾರ ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86 ವರ್ಷ, ಇಸಾಕ ಹುಟ್ಟಿದಾಗ 100. ಒಬ್ಬನೇ ಮಗನಾಗಿದ್ದವನು ಇಷ್ಮಾಯೇಲ ಮಾತ್ರ, ಆದ್ದರಿಂದ ಇಸಾಕನ ಹೆಸರು ಆಮೇಲೆ ಸೇರಿದ್ದು ಎಂಬುದು ಅವರ ವಾದ. ಯಹೂದಿ ವ್ಯಾಖ್ಯಾನಕಾರರು ಇದನ್ನು ಒಪ್ಪುವುದಿಲ್ಲ. ಆದರೂ ಎದುರು ಪಕ್ಷದ ಗ್ರಂಥವನ್ನು ಓದಿ, ಅದರ ಒಳಗಿನ ಲೆಕ್ಕವನ್ನೇ ಪುರಾವೆಯಾಗಿ ಎತ್ತಿಕೊಳ್ಳುವುದು ದೂರ ಸರಿಯುವವರ ರೀತಿಯಲ್ಲ.

ಈ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೋದವರು 1480ರಲ್ಲಿ ತೀರಿಕೊಂಡ ಅಲ್ ಬಿಕಾಈ. ಬಾಯಿಮಾತಿನ ಕಥೆಗಳ ಬದಲು ಬೈಬಲ್‌ನ ಅರಬ್ಬಿ ಅನುವಾದಗಳಿಂದಲೇ ಉದ್ದುದ್ದ ಭಾಗಗಳನ್ನು ಅವರು ತಮ್ಮ ವ್ಯಾಖ್ಯಾನದಲ್ಲಿ ಉದ್ಧರಿಸಿದರು. ಕೈರೋದ ವಿದ್ವಾಂಸರಲ್ಲಿ ಇದು ಗದ್ದಲ ಎಬ್ಬಿಸಿತು. ತಮ್ಮ ಪದ್ಧತಿಯನ್ನು ಸಮರ್ಥಿಸಿಕೊಂಡು ಅವರು ಬೇರೆ ಪುಸ್ತಕವನ್ನೇ ಬರೆಯಬೇಕಾಯಿತು. ಯಾರೋ ಹೇಳಿದರೆಂದು ಬರೆಯುವುದಕ್ಕಿಂತ ಗ್ರಂಥವನ್ನೇ ತೆರೆದು ನೋಡುವುದು ಒಳ್ಳೆಯದೆಂಬ ಅವರ ನಿಲುವು ವಿದ್ವತ್ತಿನ ದೃಷ್ಟಿಯಿಂದ ಹೆಚ್ಚು ಪ್ರಾಮಾಣಿಕ. ಆದರೆ ಅದನ್ನು ಮುಂದುವರಿಸಿದವರು ವಿರಳ.

20ನೇ ಶತಮಾನದಲ್ಲಿ ಗಾಳಿ ಪೂರ್ತಿ ಇನ್ನೊಂದು ಕಡೆಗೆ ಬೀಸಿತು. ಈಜಿಪ್ಟಿನ ಸುಧಾರಕ ಮುಹಮ್ಮದ್ ಅಬ್ದು ಕುರ್‌ಆನ್ ಹೇಳದೆ ಬಿಟ್ಟದ್ದನ್ನು ಹಾಗೆಯೇ ಬಿಡಬೇಕೆಂದರು. ಅವರ ಶಿಷ್ಯ ರಶೀದ್ ರಿದಾ ಕಅಬ್ ಮತ್ತು ವಹಬ್ ಅವರ ಪ್ರಾಮಾಣಿಕತೆಯನ್ನೇ ಪ್ರಶ್ನಿಸಿದರು. ಆದರೆ ಬುಖಾರಿ ಸಂಗ್ರಹದಲ್ಲಿ ಖಲೀಫ ಮುಆವಿಯಾ ಕಅಬ್ ಬಗ್ಗೆ ಹೇಳಿದ ಮಾತು ಹೆಚ್ಚು ಸಮತೂಕದ್ದು: ಗ್ರಂಥದವರಿಂದ ಕೇಳಿ ಹೇಳುವವರಲ್ಲಿ ಅವರು ಅತ್ಯಂತ ಸತ್ಯವಂತರು, ಆದರೂ ಅವರ ಮಾತಿನಲ್ಲಿ ಸುಳ್ಳು ಸಿಕ್ಕಿದೆ ಎಂದು. ಅದನ್ನು ಹಲವು ವಿದ್ವಾಂಸರು ಅರ್ಥೈಸಿದ್ದು ಕಅಬ್ ಸುಳ್ಳು ಹೇಳಿದರೆಂದಲ್ಲ, ಅವರು ಉದ್ಧರಿಸಿದ ಮೂಲಗಳಲ್ಲಿ ತಪ್ಪಿತ್ತು ಎಂದು. ಅವರ ಹೆಸರಿನಲ್ಲಿ ನಂತರದವರು ಕಟ್ಟಿದ ಕಥೆಗಳ ಹೊಣೆಯನ್ನೂ ಅವರ ಮೇಲೆಯೇ ಹೊರಿಸುವುದು ಸರಿಯಲ್ಲ.

ಕೊನೆಗೆ ಚರ್ಚೆ ಪುಸ್ತಕಗಳ ಪುಟಗಳಿಗೇ ಬಂತು. ಇಬ್ನ್ ಕಸೀರರ ವ್ಯಾಖ್ಯಾನವನ್ನು ಸಂಗ್ರಹಿಸಿ ಪ್ರಕಟಿಸಲು ಹೊರಟ ಈಜಿಪ್ಟಿನ ಹದೀಸ್ ವಿದ್ವಾಂಸ ಅಹ್ಮದ್ ಶಾಕಿರ್ ಅದರಲ್ಲಿದ್ದ ಇಸ್ರಾಈಲಿ ಕಥೆಗಳನ್ನು ತೆಗೆದುಹಾಕಿದರು. ಅವರು 1958ರಲ್ಲಿ ತೀರಿಕೊಂಡಾಗ ಆ ಕೆಲಸ ಪೂರ್ಣವಾಗಿರಲಿಲ್ಲ. ಅವರ ಕಾರಣ ಸ್ಪಷ್ಟವಾಗಿತ್ತು. ಸತ್ಯವೋ ಸುಳ್ಳೋ ತಿಳಿಯದ ಕಥೆಯನ್ನು ಬರಿದೇ ಹೇಳುವುದಕ್ಕೆ ಅನುಮತಿಯಿರುವುದು ಬೇರೆ. ಅದನ್ನು ಸೂಕ್ತದ ಪಕ್ಕದಲ್ಲಿಟ್ಟು ವ್ಯಾಖ್ಯಾನವೆಂದು ಮುದ್ರಿಸುವುದು ಬೇರೆ. ಪಕ್ಕದಲ್ಲಿಟ್ಟ ಕೂಡಲೇ ಓದುಗರಿಗೆ ಅದು ಸೂಕ್ತದ ಅರ್ಥವಾಗಿಯೇ ಕಾಣುತ್ತದೆ, ಪಕ್ಕದಲ್ಲಿ ಎಚ್ಚರಿಕೆಯ ಮಾತಿದ್ದರೂ ಸಹ. ಈ ವಾದವನ್ನು ಅಲ್ಲಗಳೆಯುವುದು ಕಷ್ಟ. ಆದರೆ ಕಥೆಯ ಜೊತೆಗೆ ಅದರ ಪರೀಕ್ಷೆಯೂ ಹೋಗಿಬಿಟ್ಟರೆ, ಇಬ್ನ್ ಕಸೀರರು ಒಂದೊಂದು ವರದಿಯ ಸರಪಳಿ ಹಿಡಿದು ಅದನ್ನು ಹೇಗೆ ತೂಗಿದರು ಎಂಬುದು ಹೊಸ ಓದುಗರಿಗೆ ಕಾಣುವುದಿಲ್ಲ. ಆದ್ದರಿಂದ ಸಂಗ್ರಹಗಳ ಜೊತೆಗೆ ಪೂರ್ಣ ಪಾಠವೂ ಇಂದಿಗೂ ಅಚ್ಚಾಗುತ್ತಿದೆ, ದಾವೂದರ ಪ್ರಸಂಗಕ್ಕೆ ಅವರು ಬರೆದ ಆ ಕೆಲವೇ ಸಾಲುಗಳ ಸಮೇತ.